ಎದ್ದು ಹೋದ ಮೇಲೂ ಕೂತಿರುವ ಹೆಸರು

ಹಾಸನೂರಿನಿಂದ ಡಿಗ್ರಿ ಓದಲು ಹೊರಟವರಲ್ಲಿ ಕೆಲವರು ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೆ ಹೋಗುತ್ತಾರೆ, ಕೆಲವರು ಕಾರಪಳ್ಳ, ಪುಣಜನೂರು ಚೆಕ್‌ಪೋಸ್ಟ್ ದಾಟಿ ಚಾಮರಾಜನಗರಕ್ಕೆ. ಯಾವ ಕಡೆ ಹೋದರೂ ಅವರ ದಿನವನ್ನು ಆಳುವುದು ಬಸ್ಸು. ಕಾಡಿನ ರಸ್ತೆ, 2022ರ ಫೆಬ್ರವರಿ 10ರಿಂದ ಬನ್ನಾರಿ ಮತ್ತು ಕಾರಪಳ್ಳದ ನಡುವೆ ರಾತ್ರಿ ಸಂಚಾರಕ್ಕೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ ನಿರ್ಬಂಧವಿದೆ. ಸಂಜೆಯ ಬಸ್ಸು ತಪ್ಪಿತೆಂದರೆ ನೆಂಟರ ಮನೆ ಹುಡುಕಬೇಕು. ಹಾಗಾಗಿ ಲ್ಯಾಬಿನಲ್ಲಿ ಕೊನೆಯ ಹತ್ತು ನಿಮಿಷ ಈ ಮಕ್ಕಳ ಕಣ್ಣು ಪರದೆಯ ಮೇಲಿರುವುದಿಲ್ಲ, ಗಡಿಯಾರದ ಮೇಲಿರುತ್ತದೆ. ನಾನು ಹೇಳಹೊರಟಿರುವ ತೊಂದರೆ ಹುಟ್ಟುವುದು ಆ ಹತ್ತು ನಿಮಿಷದಲ್ಲೇ.

ನನ್ನ ಅಕ್ಕನ ಮಗಳು ಬಿಸಿಎ ಓದುತ್ತಾಳೆ. ಕಾಲೇಜಿನ ಹೆಸರು ಬೇಡ. ಇಂಥ ಲ್ಯಾಬು ಎಲ್ಲ ಊರಲ್ಲೂ ಇದೆ. ಒಂದು ಶುಕ್ರವಾರ ಮಧ್ಯಾಹ್ನ ಅವಳು ಲ್ಯಾಬಿನಲ್ಲಿ ಮಾಡಿದ ಕೆಲಸ ಮೂರು. ಮೊದಲು ಕ್ರೋಮ್ ತೆರೆದು ಜಿಮೇಲ್‌ಗೆ ಲಾಗಿನ್ ಆದಳು. ಯುಯುಸಿಎಂಎಸ್‌ನ ಪರೀಕ್ಷಾ ಅರ್ಜಿ ನೋಡಿ, ವಿದ್ಯಾರ್ಥಿವೇತನದ ಅರ್ಜಿಗೆಂದು ಇ-ಆಧಾರ್ ಪಿಡಿಎಫ್ ಇಳಿಸಿಕೊಂಡಳು. ಆಮೇಲೆ ತನ್ನ ಪ್ರೋಗ್ರಾಮನ್ನು ಗಿಟ್‌ಹಬ್‌ಗೆ ಏರಿಸಿದಳು. ಅಷ್ಟರಲ್ಲಿ ಕರೆಂಟು ಹೋಯಿತು, ಯುಪಿಎಸ್ ನಾಲ್ಕು ಸಲ ಕೂಗಿ ಸತ್ತಿತು, ಪರದೆ ಕಪ್ಪಾಯಿತು. ಇವಳು ಬ್ಯಾಗು ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿಗೆ ಓಡಿದಳು.

ಸಂಜೆ ಏಳಕ್ಕೆ ಅವಳ ಜಿಮೇಲಿನ ಫೋಟೋ ಬದಲಾಗಿತ್ತು. ಯಾರೋ ಕೋತಿಯ ಚಿತ್ರ ಹಾಕಿದ್ದರು.

"ಕಂಪ್ಯೂಟ್ರೇ ಆಫ್ ಆಗೋಗಿತ್ತಲ್ಲ ಮಾವ, ಇನ್ನೆಲ್ಲಿಂದ ನನ್ ಲಾಗಿನ್ನು?" ಅಂತ ಫೋನಿನಲ್ಲಿ ಅತ್ತಳು. ಅವಳ ಪ್ರಶ್ನೆ ಸರಿಯಾದದ್ದೇ. ಬಹುಪಾಲು ಜನ ತಿಳಿದಿರುವುದೂ ಹಾಗೆಯೇ: ಕಿಟಕಿ ಮುಚ್ಚಿದರೆ ಹೊರಬಂದಂತೆ, ಯಂತ್ರ ಆರಿದರೆ ಎಲ್ಲ ಅಳಿದಂತೆ. ಎರಡೂ ನಿಜವಲ್ಲ.

ಲಾಗಿನ್ ಆದಾಗ ಜಿಮೇಲ್ ನಮ್ಮ ಬ್ರೌಸರಿಗೆ ಒಂದು ಕುಕೀ ಕೊಡುತ್ತದೆ. ಜಾತ್ರೆಯಲ್ಲಿ ಟಿಕೆಟ್ ತೋರಿಸಿದವನ ಕೈಗೆ ಹಾಕುವ ಮುದ್ರೆಯಂತೆ ಅದು; ಮುದ್ರೆ ಇದ್ದವನನ್ನು ಮತ್ತೆ ಯಾರೂ ಟಿಕೆಟ್ ಕೇಳುವುದಿಲ್ಲ. ಈ ಕುಕೀ ಇರುವುದು ಡಿಸ್ಕಿನ ಮೇಲೆ, ಒಂದು ಫೈಲಿನಲ್ಲಿ. ಕರೆಂಟು ಹೋದರೆ ಅದಕ್ಕೇನೂ ಆಗುವುದಿಲ್ಲ. ಕಿಟಕಿ ಮುಚ್ಚಿದೊಡನೆ ಹೋಗಬೇಕಾದ ಅಲ್ಪಾಯುಷಿ ಕುಕೀಗಳೂ ಇವೆ, ಬ್ಯಾಂಕಿನವರು ಕೊಡುವುದು ಹೆಚ್ಚಾಗಿ ಅಂಥವನ್ನೇ. ಆದರೆ ಕರೆಂಟು ಹೋಗಿ ಕ್ರೋಮ್ ಅರ್ಧಕ್ಕೆ ನಿಂತರೆ ಮುಂದಿನ ಸಲ ತೆರೆದಾಗ `Restore pages?` ಎಂದು ಕೇಳುತ್ತದೆ. `Restore` ಒತ್ತಿದರೆ ಪುಟಗಳು ಎದ್ದು ಬರುತ್ತವೆ. ಸೆಟ್ಟಿಂಗಿನಲ್ಲಿ `Continue where you left off` ಇಟ್ಟಿದ್ದರೆ ಆ ಅಲ್ಪಾಯುಷಿ ಕುಕೀಗಳೂ ಉಳಿದಿರುತ್ತವೆ. ಮುಂದಿನ ಬ್ಯಾಚಿನ ಹುಡುಗ `Restore` ಗುಂಡಿ ಒತ್ತಿದ, ಅಷ್ಟೆ. ಅವನು ಯಾವ ಹ್ಯಾಕಿಂಗೂ ಕಲಿತವನಲ್ಲ.

ಸೋಮವಾರ ಲ್ಯಾಬಿನ ಮೇಷ್ಟ್ರ ಅನುಮತಿ ಪಡೆದು ಅವಳ ಜೊತೆ ನಾನೂ ಆ ಯಂತ್ರದ ಮುಂದೆ ಕೂತೆ. ಅವಳದ್ದು ಏನೇನು ಉಳಿದಿದೆ ನೋಡೋಣ ಎಂದು. ಕುಕೀ ಒಂದೇ ಇದ್ದೀತು ಎಂದುಕೊಂಡಿದ್ದೆ. ನಾಲ್ಕು ಬಗೆ ಸಿಕ್ಕಿತು.

ಮೊದಲನೆಯದು ತೆರೆದೇ ಇದ್ದ ಜಿಮೇಲ್. ಎರಡನೆಯದು ನನ್ನನ್ನು ಬೆಚ್ಚಿಬೀಳಿಸಿತು. ಕ್ರೋಮಿನ ಮೂಲೆಯಲ್ಲಿ ಅವಳ ಹೆಸರಿನ ಮೊದಲಕ್ಷರದ ದುಂಡು ಗುರುತಿತ್ತು. ಜಿಮೇಲ್ ತೆರೆದಾಗ ಯಾವುದೋ ಪೆಟ್ಟಿಗೆ ಬಂತು, ನೀಲಿ ಗುಂಡಿ ಒತ್ತಿದೆ ಎಂದಳು. 2018ರಲ್ಲಿ ಬಂದ ಕ್ರೋಮ್ 69ರೊಡನೆ ಜಿಮೇಲ್‌ಗೆ ಲಾಗಿನ್ ಆದವರನ್ನು ಬ್ರೌಸರಿಗೂ ಲಾಗಿನ್ ಆದವರೆಂದೇ ಎಣಿಸುವ ಪದ್ಧತಿ ಬಂತು. ಸಿಂಕ್‌ಗೆ ಬೇರೆಯಾಗಿ ಒಪ್ಪಿಗೆ ಕೇಳುತ್ತದೆ, ನಿಜ. ಓದದೆ ಒತ್ತಿದ ನೀಲಿ ಗುಂಡಿಯೇ ಆ ಒಪ್ಪಿಗೆ. ಸಿಂಕ್ ಶುರುವಾದೊಡನೆ ಅವಳ ಫೋನಿನ ಕ್ರೋಮಿನಲ್ಲಿ ಉಳಿಸಿಟ್ಟಿದ್ದ ಪಾಸ್‌ವರ್ಡುಗಳೆಲ್ಲ ಲ್ಯಾಬಿನ ಡಿಸ್ಕಿಗೆ ಇಳಿದವು. ಆ ಯಂತ್ರದಲ್ಲಿ ಅವಳು ಎಂದೂ ಟೈಪ್ ಮಾಡದ ಪಾಸ್‌ವರ್ಡುಗಳು! `chrome://password-manager/passwords` ತೆರೆದರೆ ಸಾಲಾಗಿ ನಿಂತಿದ್ದವು. ಕಣ್ಣಿನ ಚಿತ್ರ ಒತ್ತಿದರೆ ವಿಂಡೋಸ್ ಪಾಸ್‌ವರ್ಡ್ ಕೇಳಿತು. ಅದು ಲ್ಯಾಬಿನ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು.

ಇಡೀ ವಿಷಯದ ಬೇರು ಇರುವುದು ಆ ಬೋರ್ಡಿನಲ್ಲಿ. ಕ್ರೋಮ್ ಪಾಸ್‌ವರ್ಡುಗಳನ್ನು ಹಾಗೇ ಬಿಚ್ಚಿಡುವುದಿಲ್ಲ. `Login Data` ಎಂಬ ಫೈಲಿನಲ್ಲಿ ಗೂಢಲಿಪಿಯಲ್ಲೇ ಇಡುತ್ತದೆ. ಗೂಢಲಿಪಿಯ ಕೀಲಿಯನ್ನು ಮತ್ತೆ ವಿಂಡೋಸಿನ ಡಿಪಿಎಪಿಐ ಎಂಬ ವ್ಯವಸ್ಥೆಗೆ ಒಪ್ಪಿಸುತ್ತದೆ. ಆ ವ್ಯವಸ್ಥೆ ಕೀಲಿಯನ್ನು ಕಟ್ಟಿಡುವುದು ವಿಂಡೋಸ್ ಖಾತೆಗೆ, ಮನುಷ್ಯರಿಗಲ್ಲ. ಮನೆಯ ಲ್ಯಾಪ್‌ಟಾಪಿನಲ್ಲಿ ಖಾತೆಯೂ ಮನುಷ್ಯನೂ ಒಬ್ಬರೇ, ಹಾಗಾಗಿ ತೊಂದರೆಯಿಲ್ಲ. ಲ್ಯಾಬಿನಲ್ಲಿ `student` ಎಂಬ ಒಂದೇ ಖಾತೆಯಲ್ಲಿ ಮೂರು ವರ್ಷದ ಎಲ್ಲ ಬ್ಯಾಚುಗಳೂ ಕೂರುತ್ತವೆ. ವಿಂಡೋಸ್‌ನ ಕಣ್ಣಿಗೆ ಅವರೆಲ್ಲ ಒಬ್ಬನೇ ಮನುಷ್ಯ. ಒಬ್ಬಳು ಬೀಗ ಹಾಕಿದ ಪೆಟ್ಟಿಗೆಯ ಕೀಲಿ ಉಳಿದವರೆಲ್ಲರ ಕೈಯಲ್ಲೂ ಇರುತ್ತದೆ. 2024ರಲ್ಲಿ ಕ್ರೋಮ್ 127 ಕುಕೀಗಳ ಬೀಗವನ್ನು ಇನ್ನಷ್ಟು ಬಿಗಿ ಮಾಡಿತು. ಅದು ತಡೆಯುವುದು ಕಳ್ಳ ತಂತ್ರಾಂಶಗಳನ್ನು. ಅದೇ ಕುರ್ಚಿಯಲ್ಲಿ ಕೂತು ಅದೇ ಕ್ರೋಮನ್ನು ತೆರೆಯುವ ಮುಂದಿನ ಹುಡುಗನನ್ನಲ್ಲ.

ಪಾಸ್‌ವರ್ಡು ಎಂಬುದು ಕಂಪ್ಯೂಟರ್ ಲೋಕಕ್ಕೆ ಬಂದದ್ದೇ ಹಂಚಿಕೊಂಡ ಕಾಲೇಜು ಯಂತ್ರದಿಂದ. ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ 1960ರ ದಶಕದ ಮೊದಲಲ್ಲಿ ಕಟ್ಟಿದ ಸಿಟಿಎಸ್‌ಎಸ್ ವ್ಯವಸ್ಥೆಯಲ್ಲಿ ಒಂದೇ ಯಂತ್ರವನ್ನು ಹಲವರು ಬಳಸುತ್ತಿದ್ದರು, ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್ ಕೊಟ್ಟರು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧಕ, ತನಗೆ ಸಿಕ್ಕ ಗಂಟೆಗಳು ಸಾಲದೆ, ಇಡೀ ಪಾಸ್‌ವರ್ಡ್ ಫೈಲನ್ನೇ ಪ್ರಿಂಟ್ ಹಾಕಿಸಿಕೊಂಡ. ಅಲ್ಲಿ ಒಬ್ಬೊಬ್ಬರಿಗೆ ಪ್ರತ್ಯೇಕ ಖಾತೆಯಾದರೂ ಇತ್ತು. ಅರವತ್ತು ವರ್ಷದ ನಂತರ ನಮ್ಮ ಲ್ಯಾಬುಗಳು ಆ ಮಟ್ಟಕ್ಕೂ ಬಂದಿಲ್ಲ.

ಮೂರನೆಯ ಉಳಿಕೆ ಗಿಟ್‌ಹಬ್‌ನದು. 2021ರ ಆಗಸ್ಟ್ 13ರಿಂದ ಗಿಟ್ ಕೆಲಸಕ್ಕೆ ಗಿಟ್‌ಹಬ್ ಪಾಸ್‌ವರ್ಡನ್ನು ಒಪ್ಪುತ್ತಿಲ್ಲ, ಟೋಕನ್ ಬೇಕು. ವಿಂಡೋಸಿನ ಗಿಟ್ ಆ ಟೋಕನ್ನನ್ನು ಒಮ್ಮೆ ಪಡೆದು ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಇಟ್ಟುಕೊಳ್ಳುತ್ತದೆ. ಬ್ರೌಸರನ್ನು ಎಷ್ಟು ಉಜ್ಜಿ ತೊಳೆದರೂ ಇದಕ್ಕೆ ತಾಗುವುದಿಲ್ಲ, ಏಕೆಂದರೆ ಇದು ಬ್ರೌಸರಿನ ಒಳಗೇ ಇಲ್ಲ. ವಿದ್ಯಾರ್ಥಿಗಳು ಇದನ್ನು ಮರೆಯುವಷ್ಟು ಬೇರೆ ಯಾವುದನ್ನೂ ಮರೆಯುವುದಿಲ್ಲ ಎಂದು ನನ್ನ ಅನಿಸಿಕೆ.

ನಾಲ್ಕನೆಯದು `Downloads` ಫೋಲ್ಡರಿನ ಇ-ಆಧಾರ್. ಇದು ಲಾಗಿನ್ ಅಲ್ಲ, ಆದರೂ ಸೇರಿಸುತ್ತೇನೆ. ಆ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದೆ ಎಂಬ ಧೈರ್ಯ ಎಲ್ಲರಿಗೂ. ಆದರೆ ಅದು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ. ಸಹಪಾಠಿಗೆ ಇವೆರಡೂ ಬಾಯಿಪಾಠ. 2022ರ ಮೇ ತಿಂಗಳಲ್ಲಿ ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿ, ಸಾರ್ವಜನಿಕ ಕಂಪ್ಯೂಟರಿನಲ್ಲಿ ಇ-ಆಧಾರ್ ಇಳಿಸಬೇಡಿ, ಇಳಿಸಿದರೆ ಪ್ರತಿಗಳನ್ನು ಪೂರ್ತಿ ಅಳಿಸಿ ಎಂಬ ಮಾತೂ ಇದ್ದ ಪ್ರಕಟಣೆ ಹೊರಡಿಸಿತ್ತು. ಜನ ಗಾಬರಿಯಾದರೆಂದು ಒಂದೆರಡು ದಿನದಲ್ಲೇ ಪ್ರಕಟಣೆಯನ್ನು ಹಿಂದಕ್ಕೆ ಪಡೆದರು. ಈ ಒಂದು ಮಾತು ಮಾತ್ರ ಹಿಂದಕ್ಕೆ ಪಡೆಯುವಂಥದ್ದಾಗಿರಲಿಲ್ಲ.

ಇನ್ನು ತೆಗೆಯುವುದು. ಇಲ್ಲಿ ಕ್ರಮ ಮುಖ್ಯ. ಹಿಂದುಮುಂದಾದರೆ ಹೊಸ ತೊಂದರೆ.

ನಾವು ಸೋಮವಾರದವರೆಗೆ ಕಾದಿರಲಿಲ್ಲ. ಶುಕ್ರವಾರ ರಾತ್ರಿಯೇ ಅವಳ ಫೋನಿನಿಂದ ಗೂಗಲ್ ಖಾತೆಯ `Security` ಭಾಗಕ್ಕೆ ಹೋಗಿ, `Your devices` ಪಟ್ಟಿಯಲ್ಲಿ ಆ ವಿಂಡೋಸ್ ಯಂತ್ರವನ್ನು ಹುಡುಕಿ `Sign out` ಕೊಟ್ಟೆವು. ಊರಿನ ಸಿಗ್ನಲ್ ಬಂದು ಹೋಗಿ ಆಟವಾಡಿಸಿದ್ದರಿಂದ ಅರ್ಧ ಗಂಟೆ ಹಿಡಿಯಿತು. ಇದು ಮುದ್ರೆಯನ್ನು ಜಾತ್ರೆಯ ಬಾಗಿಲಲ್ಲೇ ರದ್ದು ಮಾಡಿದ ಹಾಗೆ: ಕುಕೀ ಲ್ಯಾಬಿನ ಡಿಸ್ಕಿನಲ್ಲಿದ್ದರೂ, ಯಾರೋ ನಕಲು ಮಾಡಿಕೊಂಡಿದ್ದರೂ, ಗೂಗಲ್ ಇನ್ನು ಅದನ್ನು ಒಪ್ಪುವುದಿಲ್ಲ. ಬರೀ ಕುಕೀ ಅಳಿಸಿದರೆ ಇಷ್ಟು ಆಗುವುದಿಲ್ಲ. ನಮ್ಮ ಕಡೆಯ ಮುದ್ರೆ ಹೋಗುತ್ತದೆ, ಅವರ ಕಡೆಯ ಪುಸ್ತಕದಲ್ಲಿ ಹೆಸರು ಹಾಗೇ ಇರುತ್ತದೆ. ಆದ್ದರಿಂದ ಲ್ಯಾಬಿನಲ್ಲಿ ಕೂತಿರುವಾಗಲೂ ಮೊದಲು ಆಯಾ ಸೈಟಿನ ಲಾಗೌಟ್, ಆಮೇಲೆ ಅಳಿಸುವುದು.

ಆದರೆ ದೂರದಿಂದ ಹೊರಹಾಕಿದ್ದರಿಂದ ಎಲ್ಲ ಮುಗಿದಿರಲಿಲ್ಲ. ಸೋಮವಾರ ನೋಡಿದಾಗ ತೆರೆದಿದ್ದ ಜಿಮೇಲ್ ಪುಟ ಹಳೆಯ ಚಿತ್ರವಷ್ಟೇ ಆಗಿತ್ತು, ಮರುಲೋಡ್ ಮಾಡಿದರೆ ಪಾಸ್‌ವರ್ಡ್ ಕೇಳಿತು. ಸಿಂಕ್ ನಿಂತಿತ್ತು. ಆದರೆ ಅದಾಗಲೇ ಇಳಿದಿದ್ದ ಪಾಸ್‌ವರ್ಡುಗಳ ಪ್ರತಿ ಡಿಸ್ಕಿನಲ್ಲೇ ಇತ್ತು. ಅದನ್ನು ಯಂತ್ರದ ಮುಂದೆ ಕೂತೇ ತೆಗೆಯಬೇಕು.

ಇಲ್ಲೇ ದೊಡ್ಡ ಹಳ್ಳ ಇರುವುದು. ಎಲ್ಲರಿಗೂ ಗೊತ್ತಿರುವ ಮದ್ದು `Ctrl+Shift+Delete`. ಅವಳ ಬೆರಳೂ ಅತ್ತಲೇ ಹೋಯಿತು, ನಾನು ತಡೆದೆ. ಸಿಂಕ್ ನಡೆಯುತ್ತಿರುವಾಗ ಅಲ್ಲಿ ಪಾಸ್‌ವರ್ಡ್‌ಗೆ ಗುರುತು ಹಾಕಿ ಅಳಿಸಿದರೆ, ಇದು ಲ್ಯಾಬಿನ ಪ್ರತಿ ಮಾತ್ರ ಎಂದು ಕ್ರೋಮ್ ತಿಳಿಯುವುದಿಲ್ಲ, ಖಾತೆಯಿಂದಲೇ ಅಳಿಸುತ್ತದೆ. ಮನೆಯಲ್ಲಿರುವ ಫೋನಿನಿಂದಲೂ ಹೋಗುತ್ತದೆ. ಜೊತೆಗೆ ಅಲ್ಲಿ ಮೊದಲೇ ಆಯ್ಕೆಯಾಗಿರುವ ಅವಧಿ ಬಹಳ ಸಲ ಕೊನೆಯ ಒಂದು ಗಂಟೆ ಮಾತ್ರ. ಎರಡು ಗಂಟೆಯ ಲ್ಯಾಬಿನ ಮೊದಲ ಗಂಟೆಯಲ್ಲಿ ಆದ ಲಾಗಿನ್ ಅದರಿಂದ ಪಾರಾಗಿ ಕೂತಿರುತ್ತದೆ.

ನಾವು ಮಾಡಿದ್ದು ಇಷ್ಟು: ಮೂಲೆಯ ದುಂಡು ಗುರುತನ್ನು ಒತ್ತಿ, ಪ್ರೊಫೈಲುಗಳನ್ನು ನಿರ್ವಹಿಸುವ ಕಿಟಕಿಗೆ ಹೋಗಿ, ಅವಳ ಹೆಸರಿನ ಚೌಕದ ಮೂರು ಚುಕ್ಕಿಯಿಂದ `Delete` ಕೊಟ್ಟೆವು. ಆಗ ಕುಕೀ, ಇತಿಹಾಸ, ಪಾಸ್‌ವರ್ಡ್, ತುಂಬಿದ ಅರ್ಜಿಗಳ ನೆನಪು ಎಲ್ಲವೂ ಈ ಯಂತ್ರದಿಂದ ಮಾತ್ರ ಹೋಗುತ್ತವೆ. ಖಾತೆಯಲ್ಲಿರುವುದು ಖಾತೆಯಲ್ಲೇ ಇರುತ್ತದೆ. ಹೋಯಿತೋ ಇಲ್ಲವೋ ತಿಳಿಯಲು ಕ್ರೋಮ್ ಮತ್ತೆ ತೆರೆದು ಎರಡು ಜಾಗ ನೋಡಿದೆವು. ಪಾಸ್‌ವರ್ಡ್ ಪುಟ ಖಾಲಿಯಿತ್ತು. ಜಿಮೇಲ್ ತೆರೆದರೆ ಇಮೇಲ್ ವಿಳಾಸದಿಂದಲೇ ಕೇಳಿತು. ಅಲ್ಲಿ ಹೆಸರು ತೋರಿಸಿ ಪಕ್ಕದಲ್ಲಿ `Signed out` ಎಂದು ಬರೆದಿದ್ದರೆ ಇನ್ನೂ ಉಳಿಕೆ ಇದೆ ಎಂದರ್ಥ. ಅದನ್ನು `Remove an account` ಒತ್ತಿ ತೆಗೆಯಬೇಕು.

ಗಿಟ್‌ಹಬ್‌ಗೆ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ:

```
cmdkey /list
cmdkey /delete:LegacyGeneric:target=git:https://github.com
```

ಮೊದಲ ಸಾಲು ಏನೇನು ಉಳಿದಿದೆ ಎಂದು ಪಟ್ಟಿ ಕೊಡುತ್ತದೆ. ಎರಡನೆಯದರಲ್ಲಿ ಆ ಪಟ್ಟಿಯಲ್ಲಿ ಕಂಡ ಹೆಸರನ್ನೇ ಅಕ್ಷರ ತಪ್ಪದೆ ಬರೆಯಬೇಕು. ಬೇರೆಯವರದ್ದೂ ಅಲ್ಲಿರಬಹುದು, ನಿಮ್ಮದನ್ನಷ್ಟೇ ತೆಗೆಯಿರಿ. ಪಟ್ಟಿಯಲ್ಲಿ ಏನೂ ಇಲ್ಲದಾಗ `* NONE *` ಎಂದು ಬರುತ್ತದೆ. ಟೈಪ್ ಮಾಡಲು ಬೇಜಾರಾದರೆ ಕಂಟ್ರೋಲ್ ಪ್ಯಾನೆಲ್‌ನ `Credential Manager` ತೆರೆದು `Windows Credentials` ಕೆಳಗೆ ನೋಡಿ `Remove` ಒತ್ತಿದರೂ ಆಯಿತು. ಆಮೇಲೆ ಅವಳು ಗಿಟ್‌ಹಬ್ ಸೈಟಿನ ಸೆಟ್ಟಿಂಗಿನಲ್ಲಿ, ಅನುಮತಿ ಪಡೆದ ಆ್ಯಪ್‌ಗಳ ಪಟ್ಟಿಯಿಂದ ಗಿಟ್ ಕ್ರೆಡೆನ್ಶಿಯಲ್ ಮ್ಯಾನೇಜರನ್ನು ರದ್ದು ಮಾಡಿದಳು. ಶುಕ್ರವಾರವೇ ಗಿಟ್‌ಹಬ್ ಪಾಸ್‌ವರ್ಡ್ ಬದಲಿಸಿ ಸುಮ್ಮನಾಗಿದ್ದಳು; ಪಾಸ್‌ವರ್ಡ್ ಬದಲಿಸಿದರೆ ಟೋಕನ್ ಸಾಯುವುದಿಲ್ಲ. ಲಿನಕ್ಸ್ ಲ್ಯಾಬಾದರೆ ಮನೆ ಫೋಲ್ಡರಿನಲ್ಲಿ `.git-credentials` ಎಂಬ ಫೈಲಿದೆಯೇ ನೋಡಿ. ಗಿಟ್‌ಗೆ `store` ಎಂದು ಹೇಳಿಕೊಟ್ಟಿದ್ದರೆ ಟೋಕನ್ ಅಲ್ಲಿ ಯಾವ ಬೀಗವೂ ಇಲ್ಲದೆ, ನೋಟ್‌ಪ್ಯಾಡಿನಲ್ಲಿ ಓದುವಂತೆ ಬಿದ್ದಿರುತ್ತದೆ.

ಪಿಡಿಎಫ್ ಅನ್ನು `Shift+Delete` ಮಾಡಿದೆವು, ಕಸದ ಬುಟ್ಟಿಗೂ ಹೋಗದಂತೆ. ಹುಡುಕಿ ತೆಗೆಯುವ ತಂತ್ರಾಂಶ ಇದ್ದವರು ಅದನ್ನೂ ತೆಗೆದಾರು. ಅಲ್ಲಿಗೆ ನಮ್ಮ ಕೈ ನಿಲ್ಲುತ್ತದೆ.

ವಿದ್ಯಾರ್ಥಿ ತಾನಾಗಿ ತೆಗೆಯಲಾಗದ ಉಳಿಕೆಯೂ ಒಂದಿದೆ. ಒಬ್ಬೊಬ್ಬರಿಗೂ ಪ್ರತ್ಯೇಕ ಲಾಗಿನ್ ಕೊಟ್ಟು ಸರ್ವರ್‌ಗೆ ಜೋಡಿಸಿರುವ ದೊಡ್ಡ ಕಾಲೇಜುಗಳಲ್ಲಿ, ಸರ್ವರ್ ಕೈಗೆ ಸಿಗದಿದ್ದಾಗಲೂ ಲಾಗಿನ್ ಆಗಲೆಂದು ವಿಂಡೋಸ್ ಕೊನೆಯ 10 ಬಳಕೆದಾರರ ಪಾಸ್‌ವರ್ಡಿನ ಒಂದು ಅರೆದ ರೂಪವನ್ನು ಯಂತ್ರದಲ್ಲೇ ಇಟ್ಟುಕೊಳ್ಳುತ್ತದೆ. ತಜ್ಞರು ಕ್ಯಾಶ್ಡ್ ಕ್ರೆಡೆನ್ಶಿಯಲ್ ಎಂದು ಕಟ್ಟುನಿಟ್ಟಾಗಿ ಕರೆಯುವುದು ಇದನ್ನೇ. ಅದನ್ನು ನೋಡಲೂ ಅಡ್ಮಿನ್ ಅಧಿಕಾರ ಬೇಕು, ನೋಡಿದರೂ ನೇರ ಪಾಸ್‌ವರ್ಡ್ ಸಿಗುವುದಿಲ್ಲ. ದುರ್ಬಲ ಪಾಸ್‌ವರ್ಡನ್ನು ಊಹಿಸಿ ಊಹಿಸಿ ಹಿಡಿಯಬಹುದು, ಅಷ್ಟೆ. `CachedLogonsCount` ಎಂಬ ಬೆಲೆಯನ್ನು ಇಳಿಸಿದರೆ ಕಡಿಮೆಯಾಗುತ್ತದೆ. ಸೊನ್ನೆ ಮಾಡಿದರೆ ಸರ್ವರ್ ಕೆಟ್ಟ ದಿನ ಲ್ಯಾಬೇ ನಡೆಯುವುದಿಲ್ಲ. ನಮ್ಮ ಕಡೆಯ ಸಣ್ಣ ಕಾಲೇಜುಗಳಿಗೆ ಇದು ದೂರದ ಚಿಂತೆ. ಬೋರ್ಡಿನ ಮೇಲಿನ ಪಾಸ್‌ವರ್ಡೇ ಹತ್ತಿರದ ಚಿಂತೆ.

ಹಾಗಾದರೆ ಲ್ಯಾಬಿನವರು ಏನು ಮಾಡಬಹುದು? ಡೀಪ್ ಫ್ರೀಜ್‌ನಂಥ ತಂತ್ರಾಂಶ ಹಾಕಿದರೆ ಯಂತ್ರ ಮರುಚಾಲೂ ಆದಾಗಲೆಲ್ಲ ಮೊದಲಿನ ಸ್ಥಿತಿಗೆ ಬರುತ್ತದೆ. ಒಳ್ಳೆಯದೇ, ಆದರೆ ಬ್ಯಾಚು ಬದಲಾಗುವಾಗ ಯಾರೂ ಮರುಚಾಲೂ ಮಾಡದಿದ್ದರೆ ಬೆಳಗಿನ ಬ್ಯಾಚಿನ ಉಳಿಕೆ ಮಧ್ಯಾಹ್ನದವರಿಗೆ ಸಿಗುತ್ತದೆ. ದುಡ್ಡೂ ಬೇಕು. ವಿಂಡೋಸಿನಲ್ಲೇ ಹಂಚಿಕೆಯ ಯಂತ್ರಕ್ಕೆಂದು ಒಂದು ವಿಧಾನವಿದೆ, ಅತಿಥಿ ಹೊರಟೊಡನೆ ಖಾತೆಯನ್ನೇ ಅಳಿಸುತ್ತದೆ. ಸಿ ಪ್ರೋಗ್ರಾಮಿನ ಫೈಲುಗಳನ್ನೂ ಅಳಿಸುತ್ತದೆ ಎಂದು ಮೇಷ್ಟ್ರುಗಳಿಗೆ ಹಿಡಿಸುವುದಿಲ್ಲ. ನನ್ನ ಮಟ್ಟಿಗೆ ಸಣ್ಣ ಲ್ಯಾಬಿಗೆ ಸರಿಹೊಂದುವುದು ಕ್ರೋಮಿನ ಗೆಸ್ಟ್ ಕಿಟಕಿ. ಅದರಲ್ಲಿ ಯಾವ ಪ್ರೊಫೈಲೂ ಇಲ್ಲ, ಸಿಂಕ್ ಇಲ್ಲ, ಪಾಸ್‌ವರ್ಡ್ ಉಳಿಸಲೇ ಎಂದು ಕೇಳುವುದಿಲ್ಲ. ಕೊನೆಯ ಕಿಟಕಿ ಮುಚ್ಚಿದಾಗ ಕುಕೀಯೂ ಹೋಗುತ್ತದೆ. ಅಡ್ಮಿನ್ ಆಗಿ ಒಂದು ಸಾಲು ಬರೆದರೆ ಆ ಯಂತ್ರದ ಕ್ರೋಮ್ ಯಾವಾಗಲೂ ಗೆಸ್ಟ್ ಆಗಿಯೇ ತೆರೆಯುತ್ತದೆ:

```
reg add HKLM\SOFTWARE\Policies\Google\Chrome /v BrowserGuestModeEnforced /t REG_DWORD /d 1 /f
```

ಕ್ರೋಮ್ ಮುಚ್ಚಿ ತೆರೆದು `chrome://policy` ನೋಡಿದರೆ ಆ ಹೆಸರು ಪಟ್ಟಿಯಲ್ಲಿ ಕಾಣಬೇಕು. ಕಾಣದಿದ್ದರೆ ಹೆಸರಿನಲ್ಲಿ ಎಲ್ಲೋ ಅಕ್ಷರ ತಪ್ಪಿದೆ. ಇದು ಕ್ರೋಮಿಗೆ ಮಾತ್ರ ಹೇಳಿದ ಮಾತು ಎಂಬುದು ನೆನಪಿರಲಿ. ಪಕ್ಕದಲ್ಲೇ ಇರುವ ಎಡ್ಜ್‌ಗೂ ಫೈರ್‌ಫಾಕ್ಸ್‌ಗೂ ತಾಗುವುದಿಲ್ಲ, ಗಿಟ್‌ನ ಟೋಕನ್‌ಗಂತೂ ಇಲ್ಲವೇ ಇಲ್ಲ. ಕಿಟಕಿ ಮುಚ್ಚದೆ ಎದ್ದು ಹೋದರೆ ಗೆಸ್ಟ್ ಆದರೇನು, ಇನ್‌ಕಾಗ್ನಿಟೊ ಆದರೇನು, ಜಿಮೇಲ್ ತೆರೆದೇ ಇರುತ್ತದೆ. ಕೀಲಿಮಣೆಯ ಒತ್ತುಗಳನ್ನು ಕದ್ದು ಬರೆದುಕೊಳ್ಳುವ ತಂತ್ರಾಂಶ ಯಂತ್ರದಲ್ಲಿದ್ದರೆ ಇವು ಯಾವುದೂ ಉಪಯೋಗಕ್ಕೆ ಬಾರವು. ಅದಕ್ಕೇ ಬ್ಯಾಂಕಿನ ಕೆಲಸವನ್ನು ಲ್ಯಾಬಿನಲ್ಲಿ ಮಾಡಲೇಬಾರದು. ಎರಡನೇ ಹಂತದ ಓಟಿಪಿ ಇದ್ದರೆ ಸ್ವಲ್ಪ ರಕ್ಷಣೆ, `Don't ask again on this device` ಚೌಕದ ಗುರುತನ್ನು ತೆಗೆದಿದ್ದರೆ ಮಾತ್ರ. ಓಟಿಪಿ ಹಾಸನೂರಿನಲ್ಲಿರುವ ಅಪ್ಪನ ಫೋನಿಗೆ ಬರುತ್ತದೆ, ದಿನಾ ಕೇಳಲು ಮುಜುಗರ ಎಂದು ನಮ್ಮ ಮಕ್ಕಳು ಆ ಗುರುತನ್ನು ತೆಗೆಯದೆ ಹಾಗೇ ಬಿಡುತ್ತಾರೆ. ಆ ಮುಜುಗರ ನನಗೆ ಅರ್ಥವಾಗುತ್ತದೆ. ಆದರೂ ಕೇಳಲಿ.

ಕೋತಿಯ ಚಿತ್ರ ಹಾಕಿದ ಹುಡುಗ ಯಾರೆಂದು ನಾವು ಹುಡುಕಲಿಲ್ಲ. ಬೇರೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಐಟಿ ಕಾಯ್ದೆಯ 66ಸಿ ಕಲಮಿನಡಿ 3 ವರ್ಷದವರೆಗೆ ಸೆರೆಮನೆ, 1 ಲಕ್ಷ ರೂಪಾಯಿವರೆಗೆ ದಂಡ ಇದೆ ಎಂದು ಮೇಷ್ಟ್ರು ತರಗತಿಯಲ್ಲಿ ಒಮ್ಮೆ ಹೇಳಿದರಂತೆ, ಅಷ್ಟು ಸಾಕಾಯಿತು.

ಆ ಲ್ಯಾಬಿನ ಯಂತ್ರಗಳಿಗೆ ಈಗ ಮೇಲಿನ ಒಂದು ಸಾಲು ಹಾಕಿದ್ದಾರೆ, ಬೋರ್ಡನ್ನೂ ಒರೆಸಿದ್ದಾರೆ. ಕಿಟಕಿಯ ಪಕ್ಕದ ಒಂದು ಯಂತ್ರ ಮಾತ್ರ ಕೆಟ್ಟು ರಿಪೇರಿಗೆ ಕಾಯುತ್ತಿದೆ. ಅದರ ಕ್ರೋಮಿನಲ್ಲಿ ಓದು ಮುಗಿಸಿ ಹೋದವರ ದುಂಡು ಗುರುತುಗಳು ಇನ್ನೂ ಸಾಲಾಗಿ ಇವೆ ಎಂದು ಅವಳು ಹೇಳುತ್ತಾಳೆ. ನೀವು ಯಾವ ಕಾಲೇಜಿನಿಂದ ಹೊರಬಂದವರೋ ನನಗೆ ತಿಳಿಯದು. ಇವತ್ತು ಫೋನ್ ತೆಗೆದು `Your devices` ಪಟ್ಟಿಯನ್ನೊಮ್ಮೆ ನೋಡಿ, ನಿಮ್ಮದಲ್ಲದ ವಿಂಡೋಸ್ ಯಂತ್ರ ಕಂಡರೆ ಹೊರಹಾಕಿ.